ಜೋಯಿಸನ ಎಡಗಡೆ ಪುಟ

ಪ್ರತಿ ಹಾಸ್ಟೆಲಿನಲ್ಲೂ ಒಬ್ಬ ಜೋಯಿಸ ಇರುತ್ತಾನೆ. ಪಂಚಾಂಗ ಬಿಚ್ಚಿ ನೋಡಿದವನಲ್ಲ, ಜಾತಕ ಬರೆಯಲು ಬರುವುದಿಲ್ಲ. ಪರೀಕ್ಷೆಗೆ ಯಾವ ಪ್ರಶ್ನೆ ಬೀಳುತ್ತದೆ ಅನ್ನುವುದು ಮಾತ್ರ ಅವನಿಗೆ ಖಚಿತವಾಗಿ ಗೊತ್ತು. ವರ್ಷವಿಡೀ ಅವನನ್ನು ಕ್ಯಾರೇ ಅನ್ನದವರು ಓದುವ ರಜೆ ಶುರುವಾದ ರಾತ್ರಿ ಅವನ ರೂಮಿನ ಮುಂದೆ ಚಪ್ಪಲಿ ಬಿಡುತ್ತಾರೆ.

ಮೈಸೂರಿನ ಸರಸ್ವತಿಪುರಂ ಕಡೆಯ ನಮ್ಮ ಹಾಸ್ಟೆಲಿನ ಜೋಯಿಸ ಮಳವಳ್ಳಿ ಸೀಮೆಯವನು. ಬಿ.ಎ., ಇತಿಹಾಸ ಮೇಜರ್. ಹಾಲ್ ಟಿಕೆಟ್ಟಿನಲ್ಲಿ ಬೇರೆ ಹೆಸರಿತ್ತು; ಅದು ವಾರ್ಡನ್‌ಗೂ ಅವರಪ್ಪನಿಗೂ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಂಚದ ಮೇಲೆ ಹರಡಿಕೊಂಡು, ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತರೆ ಥೇಟ್ ಕವಡೆ ಹಾಕುವವನೇ. ಅವನ ಶಾಸ್ತ್ರಕ್ಕೆ ಕೆಲವು ಸೂತ್ರಗಳಿದ್ದವು. ಹೋದ ವರ್ಷ ಬಂದದ್ದು ಈ ವರ್ಷ ಬರುವುದಿಲ್ಲ. ಎರಡು ವರ್ಷ ತಪ್ಪಿಸಿಕೊಂಡದ್ದು ಮೂರನೇ ವರ್ಷ ಬಂದೇ ಬರಬೇಕು. ಮೇಷ್ಟ್ರು ಕ್ಲಾಸಿನಲ್ಲಿ 'ಇದು ಅಷ್ಟೇನೂ ಮುಖ್ಯ ಅಲ್ಲ' ಅಂದರೆ ಅದು ಹದಿನೈದು ಅಂಕಕ್ಕೆ ಗ್ಯಾರಂಟಿ.

ಆ ವರ್ಷ ಆಧುನಿಕ ಮೈಸೂರಿನ ಪತ್ರಿಕೆಗೆ ಅವನ ಭವಿಷ್ಯ ಒಂದೇ: ಕನ್ನಂಬಾಡಿ. ವಿಶ್ವೇಶ್ವರಯ್ಯನವರು, ಅಣೆಕಟ್ಟು, 1924ರ ಕಾವೇರಿ ಒಪ್ಪಂದ. ಎರಡು ವರ್ಷದಿಂದ ಕೇಳಿಲ್ಲ ಅನ್ನುವುದು ಒಂದು ಕಾರಣ. ಆ ಸಲ ಕಟ್ಟೆ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಬಿಟ್ಟ ಫೋಟೋ ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು ಅನ್ನುವುದು ಇನ್ನೊಂದು. 'ಪೇಪರ್ ತೆಗೆಯೋರು ಪೇಪರ್ ಓದಲ್ವೇನ್ಲಾ?' ಎಂದು ನಮ್ಮನ್ನೇ ಕೇಳಿದ. ಬರದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಮೆಸ್ಸಿನಲ್ಲಿ, ಮುದ್ದೆ ಮುರಿಯುತ್ತಾ, ಎಲ್ಲರ ಮುಂದೆ ಪಣ ಕಟ್ಟಿದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲವಾದ್ದರಿಂದ ಪಣ ಅಂಥ ದೊಡ್ಡದೇನಲ್ಲ.

ನಾಲ್ಕು ಪುಟದ ಉತ್ತರ ತಯಾರಾಯಿತು. ಪೀಠಿಕೆ, ಹಿನ್ನೆಲೆ, ನಿರ್ಮಾಣ, ಪರಿಣಾಮ, ಉಪಸಂಹಾರ. ಪ್ರತಿ ಉಪಶೀರ್ಷಿಕೆಯ ಕೆಳಗೆ ಸ್ಕೆಚ್ ಪೆನ್ನಿನ ಗೆರೆ. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು, 1911ರಲ್ಲಿ ಕೆಲಸ ಶುರುವಾದದ್ದು, ನೀರು ನಿಲ್ಲುವ ಮಟ್ಟ 124 ಅಡಿ, ಎಲ್ಲ ಇತ್ತು. ಸಂಜೆಗೆ ಅದು ಜೆರಾಕ್ಸ್ ಅಂಗಡಿ ಸೇರಿತು, ರಾತ್ರಿಗೆ ಎರಡು ಬ್ಲಾಕಿನ ತಲೆದಿಂಬುಗಳ ಕೆಳಗೆ ಸೇರಿತು.

ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಕೆಡಿಸಿದವನು ಕೆಜಿಎಫ್ ಕಡೆಯ ಒಬ್ಬ ಜೂನಿಯರ್. ಪಾಠ ಹೇಳಿಸಿಕೊಳ್ಳಲು ಬಂದವನು ಬಾಗಿಲಲ್ಲೇ ನಿಂತು, 'ಜೋಯಿಸಣ್ಣ, ಡ್ಯಾಮ್ ಕಟ್ಟಿದ್ದು ಯಾಕೆ?' ಅಂದ.

'ಗದ್ದೆಗೆ ನೀರು ಬೇಡ್ವೇನ್ಲಾ? ಮಂಡ್ಯ ನೋಡಿದ್ದೀಯೋ ಇಲ್ವೋ?'

'ಅದು ಸರಿ ಅಣ್ಣ. ನಿಮ್ಮ ನೋಟ್ಸಲ್ಲಿ ಕನ್ನಂಬಾಡಿಯಿಂದ ವಿದ್ಯುತ್ತಿಗೂ ಅನುಕೂಲ ಆಯ್ತು, ಕೋಲಾರದ ಗಣಿಗೆ ಕರೆಂಟು ಹೋಯ್ತು ಅಂತಿದೆ. ಗಣಿಗೆ ಕರೆಂಟು ಬಂದಿದ್ದು ಬೆಂಗಳೂರಿನ ಬೀದಿಗಿಂತ ಮುಂಚೆ ಅಂತ ನಮ್ಮ ತಾತ ಹೇಳೋರು. ಆವಾಗ ಕನ್ನಂಬಾಡಿನೇ ಇರ್ಲಿಲ್ವಲ್ಲ?'

ಜೋಯಿಸ ಅವನನ್ನು ಬೈದು ಕಳಿಸಿದ. ಭವಿಷ್ಯ ಹೇಳುವವನಿಗೆ ಭೂತಕಾಲ ಕೇಳಬಾರದು. ಆದರೆ ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ ಅನ್ನುವುದು ಅವನ ಮಂಚದ ಕಿರುಗುಟ್ಟುವಿಕೆಯಿಂದ ನಮಗೆಲ್ಲ ತಿಳಿಯಿತು. ಬೆಳಗ್ಗೆ ತಿಂಡಿಗೂ ನಿಲ್ಲದೆ ಲೈಬ್ರರಿಗೆ ಹೋದ. ಉಪ್ಪಿಟ್ಟು ಇತ್ತು ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ಪೂರಿ ಇದ್ದಿದ್ದರೆ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ.

ಅವನ ನೋಟ್ ಪುಸ್ತಕದಲ್ಲಿ ಬಲಗಡೆ ಪುಟ ಉತ್ತರಕ್ಕೆ, ಎಡಗಡೆ ಪುಟ ಕಚ್ಚಾ ಬರಹಕ್ಕೆ. ಜೆರಾಕ್ಸ್ ಆಗುತ್ತಿದ್ದುದು ಬಲಗಡೆ ಮಾತ್ರ; ಪುಟಕ್ಕೆ ಇಷ್ಟೆಂದು ದುಡ್ಡು ಕೊಡುವಾಗ ಪೆನ್ಸಿಲಿನ ಗೀಚಾಟವನ್ನು ಯಾರು ತೆಗೆಸುತ್ತಾರೆ? ಲೈಬ್ರರಿಯಿಂದ ಬಂದ ಮೇಲೆ ಎಡಗಡೆ ಪುಟ ತುಂಬತೊಡಗಿತು. ನಾನದನ್ನು ನೋಡಿದ್ದೇನೆ. ಮೇಲಿನಿಂದ ಕೆಳಗೆ ಒಂದು ವಕ್ರ ಗೆರೆ, ಅದು ಕಾವೇರಿ. ಗೆರೆಯ ಮಧ್ಯೆ ಒಂದು ಗುಂಡು, ಪಕ್ಕದಲ್ಲಿ 'ಶಿವನಸಮುದ್ರ 1902'. ಅಲ್ಲಿಂದ ಬಲಕ್ಕೆ ಉದ್ದ ಬಾಣ, 'ಕೋಲಾರ, 92 ಮೈಲಿ'. ಗುಂಡಿನ ಕೆಳಗೆ, 'ಬೇಸಿಗೇಲಿ ನೀರಿಲ್ಲ!!' ಎಂದು ಎರಡು ಆಶ್ಚರ್ಯಸೂಚಕ.

ಗಂಟು ಬಿಚ್ಚಿದ್ದು ಅಲ್ಲೇ. ಜೂನಿಯರ್ ಹೇಳಿದ್ದು ಸರಿ. ಗಣಿಗೆ ಕರೆಂಟು ಹೋಗುತ್ತಿದ್ದುದು ಜೋಯಿಸನದೇ ತಾಲ್ಲೂಕಿನ ಶಿವನಸಮುದ್ರದಿಂದ, ಹರಿಯುವ ಹೊಳೆಯ ನೀರಿನಿಂದ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಗಣಿ ಕಂಪನಿಗಳಿಗೆ ವರ್ಷವಿಡೀ ಕರೆಂಟು ಬೇಕು. ಹಾಗಾಗಿ ಮೇಲೆ ಎಲ್ಲಾದರೂ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಕನ್ನಂಬಾಡಿಗೆ ಗದ್ದೆ ಎಷ್ಟು ಕಾರಣವೋ ಚಿನ್ನದ ಗಣಿಯೂ ಅಷ್ಟೇ ಕಾರಣ.

ಅಷ್ಟಕ್ಕೇ ಬಿಡಲಿಲ್ಲ. ಅಣೆಕಟ್ಟಿಗೆ ಮದ್ರಾಸಿನವರು ತಕರಾರು ತೆಗೆದರು ಎಂದು ಬಲಗಡೆ ಪುಟದಲ್ಲಿ ಬರೆದಿದ್ದನಲ್ಲ, ಮೈಸೂರಿನ ಹೊಳೆಗೆ ಮೈಸೂರಿನವರು ಕಟ್ಟೆ ಕಟ್ಟಲು ಅವರ ಅಪ್ಪಣೆ ಏಕೆ? ಹುಡುಕಿದರೆ 1892ರ ಒಪ್ಪಂದ ಸಿಕ್ಕಿತು: ಪಟ್ಟಿಯಲ್ಲಿರುವ ನದಿಗಳ ಮೇಲೆ ಹೊಸ ನೀರಾವರಿ ಕಟ್ಟೆ ಕಟ್ಟುವ ಮುಂಚೆ ಮೈಸೂರು ಮದ್ರಾಸಿನ ಒಪ್ಪಿಗೆ ಪಡೆಯಬೇಕು. ಅದರ ಮೇಲೆಯೇ ಜಗಳ ಬಿದ್ದು, ಗ್ರಿಫಿನ್ ಅನ್ನುವ ನ್ಯಾಯಾಧೀಶರು 1914ರಲ್ಲಿ ತೀರ್ಪು ಕೊಟ್ಟು, ಅದನ್ನು ಮದ್ರಾಸು ಒಪ್ಪದೆ, ಎಳೆದಾಡಿ ಎಳೆದಾಡಿ 1924ಕ್ಕೆ ಬಂದದ್ದು. 1892ರದ್ದೂ ಫೆಬ್ರವರಿ 18, 1924ರದ್ದೂ ಫೆಬ್ರವರಿ 18. ಇದನ್ನು ಕಂಡು ಅವನಿಗಾದ ಸಂತೋಷ ಹೇಳತೀರದು. 'ಎರಡೂ ಒಂದೇ ತಾರೀಕು ಕಣ್ಲಾ! ಇದು ಬರ್ದೇ ಇದ್ದೀತಾ?' ಎಂದು ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿನವರನ್ನೆಲ್ಲ ಎಬ್ಬಿಸಿದ. 1892ರಲ್ಲಿ ದಿವಾನರು ಯಾರು ಎಂದು ಒಬ್ಬ ನಿದ್ದೆಗಣ್ಣಲ್ಲಿ ಕೇಳಿದ. 'ಶೇಷಾದ್ರಿ ಅಯ್ಯರ್ರು. ಶಿವನಸಮುದ್ರದ ಯೋಜನೇನೂ ಅವರದ್ದೇ. ಅದೆಲ್ಲ ಬರಲ್ಲ, ಮಲಕ್ಕೋ' ಅಂದ ಜೋಯಿಸ.

ಪರೀಕ್ಷೆಯ ದಿನ ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಕೊಟ್ಟರು. ಕನ್ನಂಬಾಡಿ ಇರಲಿಲ್ಲ. ಹದಿನೈದು ಅಂಕಕ್ಕೆ ಇರಲಿಲ್ಲ, ಐದು ಅಂಕದ ಟಿಪ್ಪಣಿಗೂ ಇರಲಿಲ್ಲ. ವಿಶ್ವೇಶ್ವರಯ್ಯನವರ ಹೆಸರೇ ಇರಲಿಲ್ಲ. ಪತ್ರಿಕೆ ತೆಗೆದವರು ಆ ವರ್ಷ ಪೇಪರ್ ಓದಿರಲಿಲ್ಲ. ಇದ್ದದ್ದು 'ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸಾಧನೆಗಳನ್ನು ವಿವರಿಸಿ, ಅಥವಾ ನಗರ ದಂಗೆಯ ಕಾರಣಗಳನ್ನು ತಿಳಿಸಿ.' ಇಡೀ ಹಾಲ್ ತಿರುಗಿ ಜೋಯಿಸನನ್ನು ನೋಡಿತು. ಮೇಲ್ವಿಚಾರಕರು ಅದನ್ನು ಸಾಮೂಹಿಕ ನಕಲು ಅಂದುಕೊಂಡು ಗದರಿದರು.

ನಮ್ಮ ಬ್ಲಾಕಿನವರು ತಲೆದಿಂಬಿನ ಕೆಳಗಿನ ನಾಲ್ಕು ಪುಟವನ್ನು ವ್ಯರ್ಥ ಮಾಡಲು ಸಿದ್ಧರಿರಲಿಲ್ಲ. ವಿಶ್ವೇಶ್ವರಯ್ಯನವರ ಹೆಸರಿದ್ದಲ್ಲೆಲ್ಲ ಶೇಷಾದ್ರಿ ಅಯ್ಯರ್ ಎಂದು ಹಾಕಿ, ಉಳಿದದ್ದನ್ನು ಹಾಗೇ ಇಳಿಸಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದು 1883ರಿಂದ 1901ರವರೆಗೆ, ತೀರಿಕೊಂಡದ್ದೂ 1901ರಲ್ಲೇ. ನಮ್ಮವರ ಉತ್ತರಗಳಲ್ಲಿ ಅವರು ತೀರಿಕೊಂಡ ಹತ್ತು ವರ್ಷಕ್ಕೆ ಎದ್ದು ಬಂದು ಕನ್ನಂಬಾಡಿಗೆ ಅಡಿಪಾಯ ಹಾಕಿದರು.

ಜೋಯಿಸ ಮೊದಲು ಸ್ವಲ್ಪ ಹೊತ್ತು ಫ್ಯಾನ್ ನೋಡುತ್ತ ಕೂತ. ಆಮೇಲೆ ಉತ್ತರ ಪತ್ರಿಕೆಯ ಕೊನೆ ಪುಟದಲ್ಲಿ ಪೆನ್ಸಿಲಿನಿಂದ ವಕ್ರ ಗೆರೆ ಎಳೆದ. ಗುಂಡು, ಬಾಣ, ಮೇಲೆ 1892. ಶಿವನಸಮುದ್ರ ಏಕೆ ಬೇಕಾಯಿತು ಎಂದರೆ ಗಣಿ. ಗಣಿಯಿಂದ ರಾಜ್ಯಕ್ಕೆ ರಾಜಧನ. ಅಷ್ಟು ದೂರ ತಂತಿ ಎಳೆದದ್ದು. ದಿವಾನರು ಹೋಗಿ ಮರುವರ್ಷ, 1902ರಲ್ಲಿ, ಕರೆಂಟು ಹರಿದದ್ದು. ಆಮೇಲೆ ಮದ್ರಾಸಿನ ಜೊತೆಗಿನ ಒಪ್ಪಂದ, ಅದರಲ್ಲಿ ಮೈಸೂರು ಕೈ ಕಟ್ಟಿಸಿಕೊಂಡದ್ದು ಎಲ್ಲಿ ಅನ್ನುವುದು. ಹಿರಿಯೂರಿನ ಮಾರಿಕಣಿವೆ 1898ರಲ್ಲಿ ಶುರುವಾದದ್ದು ಕನ್ನಂಬಾಡಿಗೆ ಹೋಲಿಸಲೆಂದು ಓದಿದ್ದ, ಅದೂ ಬಂತು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದದ್ದು, ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆ ತಂದದ್ದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಿಲ್ಲ.

ಕಷ್ಟವಾದದ್ದು ನಿಲ್ಲಿಸುವುದು. 1901ಕ್ಕೆ ಬಂದಾಗ ಮುಂದಿನದೆಲ್ಲ, ಸುರ್ಕಿಯಿಂದ ಹಿಡಿದು 124 ಅಡಿಯವರೆಗೆ, ಬಾಯಿಗೆ ಬಂದು ನಿಂತಿತ್ತಂತೆ. 'ಬೇಸಿಗೆಯಲ್ಲಿ ನೀರು ಸಾಲದೆ ಬಂದದ್ದೇ ಮುಂದೆ ಕನ್ನಂಬಾಡಿ ಅಣೆಕಟ್ಟಿಗೆ ಕಾರಣವಾಯಿತು' ಎಂದು ಒಂದೇ ಸಾಲು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಕೈ ಕಟ್ಟಿ ಕೂತುಬಿಟ್ಟ. ನನ್ನ ಲೆಕ್ಕದಲ್ಲಿ ಅವನು ಆ ಪತ್ರಿಕೆಯಲ್ಲಿ ಮಾಡಿದ ದೊಡ್ಡ ಕೆಲಸ ಇದೇ.

ಹೊರಗೆ ಬಂದರೆ ನಮ್ಮವರು ರೇಜರ್ ಹಿಡಿದುಕೊಂಡೇ ಕಾಯುತ್ತಿದ್ದರು. ಜೋಯಿಸ ಜಗ್ಗಲಿಲ್ಲ. 'ಕಾವೇರಿ ಬಂತೋ ಇಲ್ವೋ?'

'ಎಲ್ಲಿ ಬಂತು?'

'ಶಿವನಸಮುದ್ರ ಯಾವ ಹೊಳೆ ಮೇಲೈತೆ? 1892 ಯಾವ ಹೊಳೆ ಜಗಳ? ನಾನು ಹೊಳೆ ಹೇಳಿದ್ದೆ, ನೀವು ಕಟ್ಟೆ ಅನ್ಕೊಂಡ್ರಿ.' ಭವಿಷ್ಯ ಹುಸಿಯಾದಾಗ ಕೇಳಿದವರ ಕಿವಿಯದೇ ತಪ್ಪು. ಮೀಸೆ ಉಳಿಯಿತು.

ಫಲಿತಾಂಶ ಬಂದ ಮೇಲೆ ಒಬ್ಬ ಮರುಮೌಲ್ಯಮಾಪನಕ್ಕೆಂದು ತನ್ನ ಉತ್ತರ ಪತ್ರಿಕೆಯ ನಕಲು ತರಿಸಿಕೊಂಡ. ಹದಿನೈದಕ್ಕೆ ಎರಡು ಬಿದ್ದಿತ್ತು. '1911' ಎಂದು ಬರೆದಿದ್ದ ಕಡೆ ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಹಟಕ್ಕೆ ಬಿದ್ದು ಜೋಯಿಸನದನ್ನೂ ತರಿಸಿದೆವು, ದುಡ್ಡು ಎಲ್ಲರೂ ಹಾಕಿ. ಹನ್ನೊಂದು ಅಂಕ. 1892ರ ವಾಕ್ಯದ ಪಕ್ಕ ಒಂದು ಟಿಕ್, ಕೊನೆಯ ಒಂಟಿ ಸಾಲಿನ ಪಕ್ಕ ಇನ್ನೊಂದು.

ಜೋಯಿಸ ಈಗ ಮಂಡ್ಯದ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಭವಿಷ್ಯ ಹೇಳುವುದನ್ನು ಬಿಟ್ಟಿಲ್ಲ, ಇನ್ನೂ ತಪ್ಪುತ್ತಲೇ ಇದ್ದಾನೆ. ಅವನ ಕನ್ನಂಬಾಡಿ ನೋಟ್ಸ್ ಮಾತ್ರ ಸರಸ್ವತಿಪುರಂನ ಜೆರಾಕ್ಸ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಕಪ್ಪು ಮಸುಕಾಗಿ ಸುರ್ಕಿ ಹೋಗಿ ಬರ್ಕಿ ಆಗಿದೆ. ನಿಮ್ಮ ಮಕ್ಕಳು ಯಾರಾದರೂ ಅದನ್ನು ತಂದರೆ, ದಯವಿಟ್ಟು ಎಡಗಡೆ ಪುಟ ಎಲ್ಲಿ ಎಂದು ಕೇಳಿ.