ಗರ್ಭಗುಡಿಯಲ್ಲೇ ಉಳಿದ ಪ್ರಸಾದ

2009ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ ‘60 ಮಿನಿಟ್ಸ್’ ಟೀವಿ ಕಾರ್ಯಕ್ರಮಕ್ಕೆ ಬಂದರು. ಬ್ಯಾಂಕುಗಳಿಗೆ ಸುರಿಯುತ್ತಿರುವುದು ತೆರಿಗೆ ಕಟ್ಟಿದವರ ದುಡ್ಡೇ ಎಂದು ಕೇಳಿದರೆ, ಅಲ್ಲ, ಅವುಗಳ ಖಾತೆ ನಮ್ಮಲ್ಲಿದೆ, ಕಂಪ್ಯೂಟರಿನಲ್ಲಿ ಅಂಕಿ ಏರಿಸುತ್ತೇವೆ, ಇದು ನೋಟು ಮುದ್ರಿಸುವುದಕ್ಕೇ ಹತ್ತಿರ ಎಂದರು. 2010ರ ಡಿಸೆಂಬರ್‌ನಲ್ಲಿ ಅದೇ ಕಾರ್ಯಕ್ರಮಕ್ಕೆ ಮತ್ತೆ ಬಂದು, ನಾವು ನೋಟು ಮುದ್ರಿಸುತ್ತಿದ್ದೇವೆ ಎನ್ನುವುದು ಬರೀ ಕಟ್ಟುಕಥೆ ಎಂದರು. ತಮಾಷೆಯೆಂದರೆ ಎರಡೂ ನಿಜ.

ಬಡ್ಡಿದರವನ್ನು ಸೊನ್ನೆಯ ತನಕ ಇಳಿಸಿಯೂ ಆರ್ಥಿಕತೆ ಮೇಲೇಳದಿದ್ದಾಗ ಕೇಂದ್ರೀಯ ಬ್ಯಾಂಕು ಹಿಡಿಯುವ ದಾರಿ ಕ್ವಾಂಟಿಟೇಟಿವ್ ಈಸಿಂಗ್. ನ್ಯೂಯಾರ್ಕ್ ಫೆಡ್‌ನ ಅಧಿಕಾರಿಗಳು ಸರ್ಕಾರಿ ಬಾಂಡುಗಳನ್ನೂ ಗೃಹಸಾಲಗಳನ್ನು ಮೂಟೆ ಕಟ್ಟಿದ ಸಾಲಪತ್ರಗಳನ್ನೂ ಕೊಳ್ಳುತ್ತಾರೆ. ಮಾರಿದವರ ಬ್ಯಾಂಕಿಗೆ ಫೆಡ್‌ನಲ್ಲಿರುವ ಮೀಸಲು ಖಾತೆಯಲ್ಲಿ ಅಷ್ಟು ಮೊತ್ತ ಜಮೆಯಾಗುತ್ತದೆ. ಆ ಮೊತ್ತ ಯಾರ ಖಾತೆಯಿಂದಲೂ ಕಳೆದದ್ದಲ್ಲ. ಕಂಪ್ಯೂಟರಿನ ಕೀಲಿ ಒತ್ತುವವರೆಗೆ ಇರಲಿಲ್ಲ, ಒತ್ತಿದ ಮೇಲೆ ಇದೆ.

ಆದರೆ ಸರ್ಕಾರದ ಬಾಂಡನ್ನು ಫೆಡ್ ನೇರವಾಗಿ ಸರ್ಕಾರದಿಂದಲೇ ಕೊಳ್ಳುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಹಾಗಾಗಿ ಖಜಾನೆ ಮೊದಲು ಡೀಲರುಗಳಿಗೆ ಮಾರುತ್ತದೆ, ಆಮೇಲೆ ಫೆಡ್ ಡೀಲರುಗಳಿಂದ ಕೊಳ್ಳುತ್ತದೆ. ನಡುವೆ ನಿಂತವರಿಗೆ ಒಂದಿಷ್ಟು ಲಾಭ, ಕಾನೂನಿಗೆ ಪೂರ್ತಿ ಮರ್ಯಾದೆ.

2008ರ ನವೆಂಬರ್‌ನಿಂದ 2014ರ ಅಕ್ಟೋಬರ್‌ವರೆಗೆ ಮೂರು ಕಂತುಗಳಲ್ಲಿ ಇದು ನಡೆಯಿತು. 2008ರ ಆರ್ಥಿಕ ಬಿಕ್ಕಟ್ಟಿಗೆ ಮುಂಚೆ 90 ಸಾವಿರ ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಫೆಡ್‌ನ ಆಸ್ತಿಪಟ್ಟಿ ಸುಮಾರು 4.5 ಲಕ್ಷ ಕೋಟಿ ಡಾಲರಿಗೆ ಉಬ್ಬಿತು. ಇನ್ನೇನು ಬೆಲೆಗಳು ಬೆಂಕಿ ಹತ್ತಿಕೊಳ್ಳುತ್ತವೆ, ಡಾಲರ್ ಕಸವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಬಹಿರಂಗ ಪತ್ರವನ್ನೇ ಬರೆದರು. ಹಣದುಬ್ಬರ ಮಾತ್ರ ಫೆಡ್‌ನ ಶೇ 2ರ ಗುರಿಯನ್ನು ಮುಟ್ಟುವುದಕ್ಕೇ ಏದುಸಿರು ಬಿಡುತ್ತಿತ್ತು.

ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಬ್ಯಾಂಕುಗಳನ್ನು ಬೈಯಬಹುದು. ಬೈದರೆ ತಪ್ಪೂ ಇಲ್ಲ: ಮೀಸಲು ಹಣವನ್ನು ಸುಮ್ಮನೆ ಇಟ್ಟುಕೊಂಡದ್ದಕ್ಕೆ ಫೆಡ್ ಶೇ 0.25 ಬಡ್ಡಿ ಕೊಡುತ್ತಿತ್ತು. 2.5 ಲಕ್ಷ ಕೋಟಿ ಡಾಲರ್ ಮೀಸಲಿಗೆ ಅದು ವರ್ಷಕ್ಕೆ 625 ಕೋಟಿ ಡಾಲರ್. ಕೈಕಟ್ಟಿ ಕೂತದ್ದಕ್ಕೆ ಕೆಟ್ಟ ಸಂಬಳವೇನಲ್ಲ. ಆದರೂ ಪೂರ್ತಿ ದೋಷ ಪೂಜಾರಿಯದಲ್ಲ. ಈ ಪ್ರಸಾದ ಗರ್ಭಗುಡಿಯ ಹೊಸ್ತಿಲು ದಾಟುವ ಜಾತಿಯದೇ ಅಲ್ಲ. ಮೀಸಲು ಹಣ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಓಡಾಡಬಲ್ಲದೇ ಹೊರತು, ಕೆಲಸ ಕಳೆದುಕೊಂಡವನ ಜೇಬಿಗೆ ಇಳಿಯದು. ಬೀದಿಯಲ್ಲಿ ದುಡ್ಡು ಹೆಚ್ಚಬೇಕಾದರೆ ಸಾಲ ಕೇಳುವವನು ಬೇಕು, ಅವನನ್ನು ನಂಬುವ ಮ್ಯಾನೇಜರ್ ಬೇಕು. ಆಗ ಇಬ್ಬರೂ ಇರಲಿಲ್ಲ.

ಕೆಲಸ ಮಾಡಿದ್ದು ಬೇರೆಯದೇ ದಾರಿ. ಫೆಡ್ ಕೊಳ್ಳುತ್ತಾ ಹೋದಂತೆ ಬಾಂಡುಗಳ ಬೆಲೆ ಏರಿತು, ಅಂದರೆ ಅವುಗಳ ಆದಾಯ ಇಳಿಯಿತು. ಬಾಂಡ್ ಮಾರಿದ ನಿಧಿಗಳು ಲಾಭ ಹುಡುಕಿಕೊಂಡು ಷೇರುಪೇಟೆಗೆ ನುಗ್ಗಿದವು. 2009ರ ಮಾರ್ಚ್‌ನ ತಳದಿಂದ 2014ರ ಕೊನೆಗೆ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಸುಮಾರು ಮೂರು ಪಟ್ಟಾಯಿತು. ಗೃಹಸಾಲದ ಬಡ್ಡಿಯೂ ಇಳಿಯಿತು. ಹಳೇ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿಕೊಂಡವರು ಉಸಿರಾಡಿದರು. ಬದಲಿಸಿಕೊಳ್ಳಲು ಮನೆ ಇರಬೇಕು, ಒಳ್ಳೆಯ ಸಾಲದ ಚರಿತ್ರೆಯೂ ಇರಬೇಕು. ಮನೆ ಜಪ್ತಿಯಾದವರಿಗೆ ಇವೆರಡೂ ಇರಲಿಲ್ಲ. ಷೇರು ಇದ್ದವರು ಶ್ರೀಮಂತರಾದರೆ ಖರ್ಚು ಮಾಡುತ್ತಾರೆ, ಅದರಿಂದ ಉಳಿದವರಿಗೂ ಕೆಲಸ ಸಿಗುತ್ತದೆ ಎಂಬುದು ಲೆಕ್ಕಾಚಾರ. ಒಂದಿಷ್ಟು ಸಿಕ್ಕಿತು ಎನ್ನೋಣ. ಬಾಂಡ್ ಕೊಳ್ಳದೇ ಇದ್ದಿದ್ದರೆ ಇನ್ನೂ ಕೆಡುತ್ತಿತ್ತು ಎನ್ನುವವರ ಮಾತನ್ನೂ ನಾನು ನಂಬುತ್ತೇನೆ. ಔಷಧ ಹಾಗಿರಲಿ, ಸರದಿ ಸಾಲಿನಲ್ಲಿ ಯಾರನ್ನು ಮುಂದೆ ನಿಲ್ಲಿಸಿದರು ಎಂಬುದಷ್ಟೇ ನನ್ನ ತಕರಾರು.

ಕೊಂಡ ಬಾಂಡುಗಳ ಬಡ್ಡಿ ಬಂದಾಗ ಫೆಡ್ ತನ್ನ ಖರ್ಚು ಕಳೆದು ಮಿಕ್ಕದ್ದನ್ನು ಖಜಾನೆಗೆ ಕಟ್ಟಬೇಕು. 2014ರಲ್ಲಿ ಹತ್ತಿರಹತ್ತಿರ 10 ಸಾವಿರ ಕೋಟಿ ಡಾಲರ್ ಕಟ್ಟಿತು. 2020ರಲ್ಲಿ ಕೋವಿಡ್ ಬಂತು, ಮತ್ತೆ ಖರೀದಿ ಶುರುವಾಯಿತು. ಈ ಸಲ ಸರ್ಕಾರ ಜನರ ಕೈಗೇ ಚೆಕ್ ಕಳಿಸಿತು. ಪ್ರಸಾದ ಬೀದಿಗೆ ಬಂತು. ಯುದ್ಧ, ಸರಕಿನ ಕೊರತೆಗಳೂ ಸೇರಿಕೊಂಡು 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಆಯಿತು. ಅದನ್ನು ತಣಿಸಲು ಬಡ್ಡಿದರ ಏರಿಸಿದ್ದೇ ಫೆಡ್‌ಗೆ ತಿರುಗುಬಾಣ: ಹಳೇ ಬಾಂಡಿನಿಂದ ಬರುವ ಬಡ್ಡಿ ಕಡಿಮೆ, ಬ್ಯಾಂಕುಗಳ ಮೀಸಲಿಗೆ ಕೊಡಬೇಕಾದದ್ದು ಶೇ 5ಕ್ಕೂ ಹೆಚ್ಚು. 2023ರಲ್ಲಿ 11,430 ಕೋಟಿ ಡಾಲರ್ ನಷ್ಟ. ಅದು ಪುಸ್ತಕದಲ್ಲಿ ಏರಿದ್ದು ‘ಮುಂದೂಡಿದ ಆಸ್ತಿ’ ಎಂಬ ಹೆಸರಿನಲ್ಲಿ. ಮುಂದೆ ಲಾಭ ಬಂದಾಗ ಖಜಾನೆಗೆ ಕೊಡದೆ ಇದನ್ನು ತುಂಬಿಕೊಳ್ಳುತ್ತೇವೆ ಎಂದು ಅರ್ಥ.

ಅದೇ 2023ರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿಗೂ ಇದೇ ಕಾಯಿಲೆ: ಅಗ್ಗದ ಕಾಲದಲ್ಲಿ ಕೊಂಡ ದೀರ್ಘಾವಧಿ ಬಾಂಡುಗಳು. ಅವುಗಳಲ್ಲಿ ಒಂದಿಷ್ಟನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಮಾರ್ಚ್ 8ರಂದು ನೆಟ್ಟಗೆ ಒಪ್ಪಿಕೊಂಡಿತು. ಮಾರ್ಚ್ 10ರಂದು ಅದಕ್ಕೆ ಬೀಗ ಬಿತ್ತು.