ಮುಖಕ್ಕೆ ಪೌಡರು, ಬೆನ್ನಿಗೆ ಊರುಗೋಲು

ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯ ಕಟ್ಟಡಗಳೆಲ್ಲ ಬೀದಿಯ ಕಡೆಗೆ ಕಮಾನಿನ ಮೊಗಸಾಲೆ ಬಿಡಬೇಕೆಂದು 1896ರಲ್ಲಿ ನಿಯಮವಾಯಿತು. ಜನ ನೆರಳಲ್ಲಿ ನಡೆಯಲಿ ಎಂಬ ದಯೆ. ಇವತ್ತು ಆ ನೆರಳಲ್ಲಿ ಬೆಲ್ಟು, ಮೊಬೈಲ್ ಕವರುಗಳು ಸುಖವಾಗಿವೆ. ಜನ ಬಿಸಿಲಿಗಿಳಿದು ಬಸ್ಸಿನ ಪಕ್ಕ ನಡೆಯುತ್ತಾರೆ. ಟ್ರಾಫಿಕ್ ಯಾಕೆ ನಿಂತಿದೆ ಎಂದು ಸಭೆ ಮಾತ್ರ ತಪ್ಪದೆ ನಡೆಯುತ್ತದೆ.

1990ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಇಲ್ಲಿ ಒಳ್ಳೆಯ ಕೆಲಸವನ್ನೇ ಮಾಡಿದರು. ಬೋರ್ಡು ಕಮಾನಿನೊಳಗೆ ಕೂರಬೇಕು, ಕಂಬವನ್ನೂ ಕೆತ್ತನೆಯನ್ನೂ ಮುಚ್ಚಬಾರದು ಎಂದರು. ಅಂಗಡಿಯವರು ಒಪ್ಪಿದರು. ಯುನೆಸ್ಕೊ 2004ರಲ್ಲಿ ಬೆನ್ನು ತಟ್ಟಿತು. ಬೋರ್ಡು ಸರಿಯಿತು, ಬಿರುಕು ಕಂಡಿತು. ಈಗ ಬಿರುಕಿಗೆ ಹಣ ಯಾರದ್ದು?

ಮಾಲೀಕನದ್ದು ಎನ್ನುತ್ತೀರಿ. ಹಾಗಾದರೆ ಅವನ ಲೆಕ್ಕ ನೋಡಿ. 1947ರ ಕಾನೂನು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. 2000ದಲ್ಲಿ ಜಾರಿಗೆ ಬಂದ ಹೊಸ ಕಾನೂನು ವರ್ಷಕ್ಕೆ ಶೇ. 4ರಷ್ಟು ಏರಿಸಲು ಬಿಟ್ಟಿತು. ಆಗ ತಿಂಗಳಿಗೆ 200 ರೂಪಾಯಿ ಬರುತ್ತಿದ್ದ ಅಂಗಡಿಗೆ, ಒಂದು ವರ್ಷವೂ ಬಿಡದೆ ಏರಿಸಿದರೂ, 25 ವರ್ಷದ ಮೇಲೆ ಬರುವುದು ಸುಮಾರು 533. ಅಷ್ಟು ದುಡ್ಡಿಗೆ ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಅಗ್ಗದ ಸಿಮೆಂಟು ಬರುತ್ತದೆ. ಸುಣ್ಣದ ಸಂದಿನಿಂದ ಆರಿಹೋಗುತ್ತಿದ್ದ ಮಳೆನೀರು ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು, ಕಲ್ಲಿನ ಮೇಲ್ಮೈಯನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ಸಿಮೆಂಟು ಗಟ್ಟಿ, ಪಕ್ಕದ ಕಲ್ಲು ಪುಡಿ: ಇದನ್ನು ಕಂಡರೆ ರಿಪೇರಿ ಆಗಿದೆ ಎಂದು ತಿಳಿಯಿರಿ.

ಇರಲಿ, ಸರಕಾರವೇ ಹಣ ಹಾಕಿ ಬೀದಿ ಬೆಳಗಿಸಿತು ಎನ್ನೋಣ. ಆದರೆ ಆ ಹೊಸ ಬಾಡಿಗೆ ಕಾನೂನಿನಲ್ಲಿ ಬ್ಯಾಂಕುಗಳಿಗೂ, ಕೋಟಿ ರೂಪಾಯಿ ಅಥವಾ ಹೆಚ್ಚು ಪಾವತಿಯಾದ ಬಂಡವಾಳದ ಕಂಪನಿಗಳಿಗೂ ಬಾಡಿಗೆಯ ರಕ್ಷಣೆ ಇಲ್ಲ. ಅಂದರೆ ಅವರಿಂದ ಬಾಯಿಗೆ ಬಂದಷ್ಟು ಕೇಳಬಹುದು. ಬೀದಿ ಹೊಳೆದಷ್ಟೂ ಮಾಲೀಕನ ಕಣ್ಣು ಅವರ ಮೇಲೆ. ಇಡ್ಲಿ ಮಾರುವ ನಮ್ಮ ಶೆಟ್ಟರಿಗೆ ಅವನು ನಯವಾಗಿಯೇ ಹೇಳುತ್ತಾನೆ: “ಶೆಟ್ರೇ, ಪಗಡಿ ಒಳ್ಳೇದು ಬರ್ತದೆ, ಊರಲ್ಲಿ ತೋಟ ಮಾಡಿ.” ಶೆಟ್ಟರು ಹೊರಟರೆ ಕಮಾನು ಹಾಗೇ ಇರುತ್ತದೆ, ಅದರ ಕೆಳಗೆ ಕಾಫಿಯ ಬೆಲೆ ಮಾತ್ರ ಹತ್ತು ಪಟ್ಟು. ಪರಂಪರೆ ಉಳಿಯಿತೆಂದು ಫಲಕ ಹಾಕುತ್ತಾರೆ, ಅದೂ ಕಮಾನಿನೊಳಗೇ, ನಿಯಮದಂತೆ.

ಸಾರ್ವಜನಿಕ ಹಣದಲ್ಲಿ ಮುಖ ತೊಳೆಸಿಕೊಂಡ ಕಟ್ಟಡದ ಮಾಲೀಕ, ಹಳೆಯ ಅಂಗಡಿಗಳನ್ನು ಇಂತಿಷ್ಟು ವರ್ಷ ನ್ಯಾಯದ ಬಾಡಿಗೆಗೆ ಉಳಿಸಿಕೊಳ್ಳುತ್ತೇನೆಂದು ಬರೆದುಕೊಡಲಿ. ಬಾಡಿಗೆದಾರರೂ ರಿಪೇರಿಗೆ ತಮ್ಮ ಪಾಲು ಹಾಕಲಿ. 533 ರೂಪಾಯಿಗೆ ಇಂಥ ಬೀದಿಯಲ್ಲಿ ಕೂತು ಕಲ್ಲು ಬಿತ್ತೆಂದು ಕೂಗುವುದೂ ಮರ್ಯಾದೆಯಲ್ಲ. ಈ ಎರಡು ಷರತ್ತಿಲ್ಲದ ಯೋಜನೆಗೆ ಪುನರುಜ್ಜೀವನ ಎನ್ನಬೇಡಿ. ಅದು ತೆರಿಗೆ ಹಣದಲ್ಲಿ ನಡೆಯುವ ಒಕ್ಕಲೆಬ್ಬಿಸುವಿಕೆ.