ಒಂದುಪುಟದ ರಾಯರು

ಪ್ರತಿ ಸಾಫ್ಟ್‌ವೇರ್ ಕಂಪನಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಮ್ಮಲ್ಲಿರುವವರಿಗೆ ನಾವಿಟ್ಟ ಹೆಸರು ಒಂದುಪುಟದ ರಾಯರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹುದ್ದೆಯಲ್ಲಿ ಎರಡು ಮೆಟ್ಟಿಲು ಮೇಲಿನವರು. ಕೋಡ್ ಬರೆಯುವುದರಲ್ಲಿ ಅಂಥ ಮಹಾಪಂಡಿತರೇನೂ ಅಲ್ಲ. ಇಂಗ್ಲಿಷಿನಲ್ಲಿ ಹಾಸನದ ಮಣ್ಣಿನ ವಾಸನೆ ಇನ್ನೂ ಹೋಗಿಲ್ಲ. ಆದರೂ ಬಡ್ತಿ ಮಾತ್ರ ಅವರ ಮನೆ ವಿಳಾಸ ಕೇಳಿಕೊಂಡು ಬರುತ್ತದೆ.

ಅವರ ಕಾಟಕ್ಕೆ ಒಂದೇ ಮಂತ್ರ: ‘ಇದು ಯಾರಿಗೆ ಸಾರ್?’ ನೀವು ಏನೇ ಬರೆದು ತೋರಿಸಿ, ಮೊದಲು ಬರುವುದು ಈ ಪ್ರಶ್ನೆಯೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಯುವ ಬಗ್ಗೆ ನಾನು ಎರಡು ಪ್ಯಾರಾ ನೋಟೀಸು ಬರೆದಿದ್ದೆ. ಅದನ್ನು ‘ನಾಳೆ 10ರಿಂದ 1ರವರೆಗೆ ನೀರಿಲ್ಲ, ಇವತ್ತೇ ತುಂಬಿಟ್ಟುಕೊಳ್ಳಿ’ ಎಂದು ಇಳಿಸಿ ಕೈಗಿಟ್ಟರು. ಸಂಪಿನ ಇತಿಹಾಸವೆಲ್ಲ ಹೋಯಿತು!

ಒಂದು ರಾತ್ರಿಯ ಕಥೆ ಹೇಳಲೇಬೇಕು. ಹಬ್ಬದ ರಿಯಾಯಿತಿ ಶುರುವಾದ ದಿನ ಹಣ ಕಟ್ಟುವ ಪುಟ ನಿಂತುಹೋಯಿತು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಎಲ್ಲರೂ ಡೇಟಾಬೇಸನ್ನು ಬೈಯುತ್ತಿದ್ದರೆ, ಅದು ಕೆಲಸವಿಲ್ಲದೆ ಆಕಳಿಸುತ್ತ ಕೂತಿತ್ತು. ಅಲ್ಲೇ ನನಗೆ ಸುಳಿವು ಸಿಕ್ಕಿತು. ಡೇಟಾಬೇಸಿಗೆ ಹೋಗಲು ನಮ್ಮ ಪ್ರೋಗ್ರಾಮಿಗಿದ್ದದ್ದು 20 ಕನೆಕ್ಷನ್. ಲೈಬ್ರರಿಯಿಂದ ಒಯ್ದ ಪುಸ್ತಕದ ಹಾಗೆ ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು. ಅವಧಿ ಮುಗಿದ ಕೂಪನ್ ಯಾರಾದರೂ ಹಾಕಿದರೆ, ಪ್ರೋಗ್ರಾಮು ಎರರ್ ತೋರಿಸಿ ಅಲ್ಲಿಂದಲೇ ಹೊರನಡೆಯುತ್ತಿತ್ತು, ಕನೆಕ್ಷನ್ ಹಿಂತಿರುಗಿಸದೆ. ಅಂಥ 20 ಜನ ಬಂದರೆ ಮುಗಿಯಿತು, ಉಳಿದವರೆಲ್ಲ ಸಾಲಿನಲ್ಲಿ. ಹಿಂತಿರುಗಿಸುವ ಸಾಲನ್ನು `finally` ಒಳಗೆ ಹಾಕಿದೆ, ಎರರ್ ಬಂದರೂ ಬರದಿದ್ದರೂ ಓಡುವ ಹಾಗೆ. ‘ಕೂಪನ್ ಪಾತ್‌ನಲ್ಲಿ ಲೀಕ್, ಫಿಕ್ಸ್ ಆಗಿದೆ’ ಎಂದು ಒಂದು ಮೇಲ್ ಬರೆದು, ಕೆಳಗೆ ಮಾರುದ್ದದ ಲಾಗ್ ಅಂಟಿಸಿ ಮಲಗಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಬೆಳಿಗ್ಗೆ ರಾಯರು ಎರಡು ಲೋಟ ಕಾಫಿ ಹಿಡಿದು ನನ್ನ ಮೇಜಿಗೆ ಬಂದರು. ‘ಎಷ್ಟು ಹೊತ್ತು ನಿಂತಿತ್ತು ಸಾರ್? ಯಾರ್ಯಾರಿಗೆ ತೊಂದರೆ ಆಯ್ತು? ಇದೇ ತಪ್ಪು ಬೇರೆ ಕಡೆ ಇಲ್ಲ ಅಂತ ನೋಡಿದ್ರಾ?’ ನಾನು ನೋಡಿರಲಿಲ್ಲ. ನಿದ್ದೆಗಣ್ಣಿನಲ್ಲೇ ಇಬ್ಬರೂ ಹುಡುಕಿದೆವು, ಇನ್ನೆರಡು ಕಡೆ ಇತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಪುಟ ಹೊರಟಿತು. ಮೊದಲ ಸಾಲಿನಲ್ಲೇ ‘ನಿನ್ನೆ ರಾತ್ರಿ 9.40ರಿಂದ 10.25ರವರೆಗೆ ಹಣ ಕಟ್ಟುವ ಪುಟ ಮತ್ತೆ ಮತ್ತೆ ನಿಂತುಹೋಯಿತು, ಈಗ ಸರಿಯಾಗಿದೆ’. ಆಮೇಲೆ ಕಾರಣ, ಮೂರೇ ವಾಕ್ಯದಲ್ಲಿ. ಕಾಯುತ್ತಿದ್ದವರ ಸಂಖ್ಯೆ ಏರಿದ ಗ್ರಾಫ್ ಒಂದೇ ಒಂದು. ಕೊನೆಗೆ, ಉಳಿದೆರಡು ಕಡೆ ಶುಕ್ರವಾರದೊಳಗೆ ಸರಿಪಡಿಸಲು ಇಬ್ಬರು ಬೇಕು ಎಂಬ ಬೇಡಿಕೆ. ಪತ್ತೆ ಹಚ್ಚಿದ್ದು ಇಂಥವರು ಎಂದು ನನ್ನ ಹೆಸರೂ ಇತ್ತು. ಲಾಗ್ ಎಲ್ಲಿ ಎಂದರೆ, ಬೇಕಾದವರಿಗೆ ಒಂದು ಲಿಂಕ್. ದೊಡ್ಡ ಸಾಹೇಬರು ಏರ್‌ಪೋರ್ಟ್ ದಾರಿಯಲ್ಲಿ ಫೋನಿನಲ್ಲೇ ಓದಿ, ಹೆಬ್ಬಾಳ ದಾಟುವುದರೊಳಗೆ ಇಬ್ಬರನ್ನು ಕೊಟ್ಟರು.

ಮೀಟಿಂಗಿನಲ್ಲೂ ಅದೇ ಚಾಳಿ. ‘ನಿಮ್ಮಿಂದ ಇವತ್ತು ಬೇಕಾದ್ದು ಈ ತೀರ್ಮಾನ’ ಎಂದು ಶುರುಮಾಡಿ, ಕಾರಣ ಹೇಳಿ, ಬಾಯಿ ಮುಚ್ಚುತ್ತಾರೆ. ಹಿಂದಿನ ದಿನ ಮೆಟ್ಟಿಲ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಅಭ್ಯಾಸ ಮಾಡುವುದನ್ನು ನಾನೇ ಕಂಡಿದ್ದೇನೆ. ಅಮೆಜಾನಿನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ಓಡಿಸಿ, ಬರಹವನ್ನು ಎಲ್ಲರೂ ಸುಮ್ಮನೆ ಕೂತು ಓದುವ ಪದ್ಧತಿ ತಂದರಂತೆ ಎಂದು ಅವರು ಭಕ್ತಿಯಿಂದ ಹೇಳುವಾಗ ನಾನು ಕ್ಯಾಂಟೀನ್ ಕಡೆ ನಡೆಯುತ್ತೇನೆ. ಬರೀ ಮಾತಿನ ಮಲ್ಲರೂ ನಮ್ಮಲ್ಲಿದ್ದಾರೆ. ‘ಆ ಸರ್ವರ್ ಬಿದ್ದರೆ ಏನು ಗತಿ?’ ಎಂದು ಯಾರಾದರೂ ಕೇಳಿದರೆ ಅವರ ಬಂಡವಾಳ ಬಯಲು. ರಾಯರು ಆ ಪೈಕಿಯಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ, ಸಂಜೆಯೊಳಗೆ ಉತ್ತರ ಕಳಿಸುತ್ತಾರೆ.

ಬಡ್ತಿಯ ಕೋಣೆಯಲ್ಲಿ ಏನು ನಡೆಯುತ್ತದೆಂದು ಮ್ಯಾನೇಜರೊಬ್ಬರು ಹೇಳಿದ ಮೇಲೆ ನನಗೆ ಲೆಕ್ಕ ತಿಳಿಯಿತು. ಅಲ್ಲಿ ಕೂತ ಬೇರೆ ತಂಡಗಳ ಮ್ಯಾನೇಜರುಗಳು ನಮ್ಮ ಕೋಡನ್ನು ಕಂಡವರೇ ಅಲ್ಲ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ನಮ್ಮ ಪರ ಮಾತಾಡುವವರಿಗೆ ಓದಿ ಹೇಳಲು ಏನಾದರೂ ಬೇಕು. ರಾಯರ ಸರದಿ ಬಂದಾಗ ಅವರ ಪುಟಗಳ ವಾಕ್ಯಗಳೇ ಅಲ್ಲಿ ಮಾತಾಡುತ್ತವೆ. ನನ್ನ ಸರದಿಯಲ್ಲಿ ‘ತುಂಬಾ ಕಷ್ಟಪಡ್ತಾರೆ’ ಎನ್ನುತ್ತಾರೆ. ಕಷ್ಟಪಡುವವನನ್ನು ಇದ್ದಲ್ಲೇ ಇಟ್ಟರೆ ಕಂಪನಿಗೇನು ಕಷ್ಟ?

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಬೇರೊಂದು ಪ್ರೋಗ್ರಾಮಿನಲ್ಲಿ ಇದೇ ರೋಗ ಎದುರಾಯಿತು. ಡೇಟಾಬೇಸಿಗೆ ಕೆಲಸವಿಲ್ಲ, ಸಾಲು ಉದ್ದ. ಹಳೆಯ ಕಡತ ಹುಡುಕಿದಾಗ ಅವಳಿಗೆ ಸಿಕ್ಕಿದ್ದು ರಾಯರ ಪುಟ. ಓದಿದಳು, ಊಟದ ಹೊತ್ತಿಗೆ ಸರಿಮಾಡಿದಳು. ನನ್ನ ಮೇಲ್ ನನಗೇ ಸಿಗಲಿಲ್ಲ. ಆದರೆ ಥ್ಯಾಂಕ್ಸ್ ಹೇಳಲು ಅವಳು ಬಂದದ್ದು ನನ್ನ ಮೇಜಿಗೆ, ಪುಟದಲ್ಲಿ ನನ್ನ ಹೆಸರಿತ್ತಲ್ಲ. ರಾಯರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇಷ್ಟು ಕಷ್ಟ ಎಂದು ಮೊದಲೇ ಗೊತ್ತಿದ್ದರೆ, ಬೇರೆ ಯಾರನ್ನಾದರೂ ಆರಿಸಿಕೊಳ್ಳುತ್ತಿದ್ದೆ.